ಸಮನ್ಸ್ ಕೇಸಾ, ವಾರಂಟ್ ಕೇಸಾ? ಮಾರುಕಟ್ಟೆ ಜಗಳ ಕೋರ್ಟಿಗೆ ಹೋದಾಗ ಏನಾಗುತ್ತೆ

ಚಳ್ಳಕೆರೆ: ಅಂಗಡಿ ಮುಂದೆ ಬೋರ್ಡ್ ಇಟ್ಟಿದ್ದಕ್ಕೋ, ಚರಂಡಿ ನೀರು ಈ ಕಡೆ ಹರಿದಿದ್ದಕ್ಕೋ ಅಕ್ಕಪಕ್ಕದ ಇಬ್ಬರು ವ್ಯಾಪಾರಿಗಳು ಕೈ ಕೈ ಮಿಲಾಯಿಸುತ್ತಾರೆ. ಒಬ್ಬರು ಕಪಾಳಕ್ಕೆ ಬಾರಿಸುತ್ತಾರೆ, ಇನ್ನೊಬ್ಬರು ಠಾಣೆ ಮೆಟ್ಟಿಲು ಹತ್ತುತ್ತಾರೆ. ಕೆಲವು ತಿಂಗಳ ನಂತರ ಜೆಎಂಎಫ್‌ಸಿ ನ್ಯಾಯಾಲಯದಿಂದ ಕಾಗದ ಬರುತ್ತದೆ. ಅದನ್ನು ಹಿಡಿದು ವಕೀಲರ ಬಳಿ ಹೋದವರು ಕೇಳುವ ಮೊದಲ ಪ್ರಶ್ನೆ, 'ಸಾರ್, ಇದು ವಾರಂಟ್ ಕೇಸಾ? ಅರೆಸ್ಟ್ ಮಾಡ್ತಾರಾ?'

ಈ ಪ್ರಶ್ನೆಯಲ್ಲೇ ಒಂದು ಗೊಂದಲವಿದೆ. ವಾರಂಟ್ ಕೇಸು ಅಂದರೆ ವಾರಂಟ್ ಹೊರಟಿದೆ ಅಂತ ಅರ್ಥವಲ್ಲ. ಕಾನೂನು ನೋಡುವುದು ಶಿಕ್ಷೆಯ ಗರಿಷ್ಠ ಮಿತಿಯನ್ನು ಮಾತ್ರ. ಮರಣದಂಡನೆ, ಜೀವಾವಧಿ ಅಥವಾ 2 ವರ್ಷಕ್ಕಿಂತ ಹೆಚ್ಚು ಜೈಲು ವಿಧಿಸಬಹುದಾದ ಅಪರಾಧದ ಪ್ರಕರಣ ವಾರಂಟ್ ಕೇಸು. ಉಳಿದದ್ದೆಲ್ಲ ಸಮನ್ಸ್ ಕೇಸು. ಸರಿಯಾಗಿ 2 ವರ್ಷ ಇದ್ದರೂ ಅದು ಸಮನ್ಸ್ ಕೇಸೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ (ಬಿಎನ್‌ಎಸ್‌ಎಸ್) ಹಳೆಯ ಸಿಆರ್‌ಪಿಸಿಯ ಈ ಗೆರೆಯನ್ನು ಹಾಗೇ ಉಳಿಸಿಕೊಂಡಿದೆ.

ಮೇಲಿನ ಜಗಳವನ್ನೇ ತೆಗೆದುಕೊಳ್ಳೋಣ. ಕೈಯಿಂದ ಹೊಡೆದು ಸಣ್ಣ ಗಾಯವಾದರೆ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಕಲಂ 115(2), ಅಂದರೆ ಹಳೆಯ ಐಪಿಸಿ 323. ಇದಕ್ಕೆ ಹೆಚ್ಚೆಂದರೆ 1 ವರ್ಷ ಜೈಲು ಅಥವಾ 10,000 ರೂ. ದಂಡ, ಇಲ್ಲವೇ ಎರಡೂ. ಇದು ಸಮನ್ಸ್ ಕೇಸು. ಅದೇ ವ್ಯಾಪಾರಿ ಸಿಟ್ಟಿನಲ್ಲಿ ಶೆಟರ್ ಎಳೆಯುವ ಕಬ್ಬಿಣದ ರಾಡು ಎತ್ತಿ ತಲೆಗೆ ಹೊಡೆದ ಎಂದಿಟ್ಟುಕೊಳ್ಳಿ. ಆಗ ಪೊಲೀಸರು ಅಪಾಯಕಾರಿ ಆಯುಧದ ಕಲಂ 118(1) ಹಾಕಬಹುದು, ಅಂದರೆ ಹಳೆಯ 324. ಇದಕ್ಕೆ 3 ವರ್ಷದವರೆಗೆ ಶಿಕ್ಷೆ ಇರುವುದರಿಂದ ವಾರಂಟ್ ಕೇಸು. ಬಾಯಿ ಮಾತಿಗೂ ಇದೇ ಲೆಕ್ಕ. ಸಾಮಾನ್ಯ ಬೆದರಿಕೆಗೆ 2 ವರ್ಷದವರೆಗೆ ಶಿಕ್ಷೆ. 'ಕೊಂದ್ ಹಾಕ್ತೀನಿ' ಎಂಬ ಬೆದರಿಕೆಗೆ 7 ವರ್ಷದವರೆಗೆ. ದೂರಿನಲ್ಲಿ ಆ ಒಂದು ಮಾತು ಸೇರಿತೋ ಇಲ್ಲವೋ ಎಂಬುದರ ಮೇಲೆ ಕೇಸಿನ ದಾರಿಯೇ ಬದಲಾಗುತ್ತದೆ. ಎರಡೂ ಬಗೆಯ ಕಲಂಗಳು ಒಂದೇ ಕೇಸಿನಲ್ಲಿದ್ದರೆ ಇಡೀ ವಿಚಾರಣೆ ವಾರಂಟ್ ಕೇಸಿನ ಕ್ರಮದಲ್ಲೇ ನಡೆಯುತ್ತದೆ.

ಬರೀ ಕಪಾಳಕ್ಕೆ ಹೊಡೆದ ಪ್ರಕರಣವಾದರೆ ಠಾಣೆಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಇದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ. ಎನ್‌ಸಿಆರ್ ಮಾಡಿ, 'ನ್ಯಾಯಾಲಯಕ್ಕೆ ಹೋಗಿ' ಎಂದು ಹಿಂಬರಹ ಕೊಟ್ಟರೆ ಅದು ಕೈತೊಳೆದುಕೊಂಡ ಹಾಗೆ ಕಾಣಿಸಬಹುದು, ಆದರೆ ಕಾನೂನು ಹೇಳಿರುವುದೇ ಅದನ್ನು.

ಇನ್ನು ಕೋರ್ಟಿನೊಳಗೆ ಬರೋಣ. ಪೊಲೀಸ್ ವರದಿ ಮೇಲೆ ನಡೆಯುವ ವಾರಂಟ್ ಕೇಸಿನಲ್ಲಿ ಆರೋಪಿಗೆ ಮೊದಲು ದೋಷಾರೋಪಣ ಪಟ್ಟಿ ಮತ್ತು ದಾಖಲೆಗಳ ನಕಲು ಸಿಗಬೇಕು. ನಂತರ ವಕೀಲರು 'ಎಚ್‌ಬಿಸಿ' ಎಂದು ಕರೆಯುವ ಹಂತ ಬರುತ್ತದೆ. ಆರೋಪ ಹೊರಿಸುವ ಮೊದಲು ಎರಡೂ ಕಡೆಯ ವಾದ ಕೇಳುವುದು ಆಗಲೇ. ಕೇಸಿನಲ್ಲಿ ಹುರುಳಿಲ್ಲ ಅನ್ನಿಸಿದರೆ ಬಿಡುಗಡೆಗೆ ಅರ್ಜಿ ಹಾಕಬಹುದು. ಹೊಸ ಕಾನೂನಿನಲ್ಲಿ ಇದಕ್ಕೆ ನಕಲು ಸಿಕ್ಕ ದಿನದಿಂದ 60 ದಿನ ಗಡುವು. 'ಆಮೇಲೆ ನೋಡೋಣ' ಎಂದು ಕೂತವರು ಈ ಬಾಗಿಲನ್ನು ತಾವೇ ಮುಚ್ಚಿಕೊಂಡಂತೆ. ಅರ್ಜಿ ವಜಾ ಆದರೆ ಮ್ಯಾಜಿಸ್ಟ್ರೇಟರು ಆರೋಪವನ್ನು ಲಿಖಿತವಾಗಿ ರೂಪಿಸಿ ಓದಿ ಹೇಳುತ್ತಾರೆ. ಸಾಕ್ಷಿ ವಿಚಾರಣೆ ಶುರುವಾಗುವುದು ಅಲ್ಲಿಂದ.

ಸಮನ್ಸ್ ಕೇಸಿನಲ್ಲಿ ಈ ಮಧ್ಯದ ಮೆಟ್ಟಿಲುಗಳಿಲ್ಲ. ಲಿಖಿತ ಆರೋಪ ರೂಪಿಸಬೇಕೆಂದಿಲ್ಲ. ಆರೋಪಿ ಹಾಜರಾದಾಗ ಆರೋಪದ ಸಾರಾಂಶ ಹೇಳಿ, 'ತಪ್ಪು ಒಪ್ಪಿಕೊಳ್ತೀರಾ, ಏನಾದ್ರೂ ಹೇಳೋದಿದೆಯಾ?' ಎಂದು ಕೇಳುತ್ತಾರೆ. ಇದಕ್ಕೇ 'ಪ್ಲೀ' ಎನ್ನುವುದು. ಆರೋಪಕ್ಕೆ ಆಧಾರವೇ ಇಲ್ಲ ಅನ್ನಿಸಿದರೆ ಈ ಹಂತದಲ್ಲೇ ಮ್ಯಾಜಿಸ್ಟ್ರೇಟರು ಆರೋಪಿಯನ್ನು ಬಿಡುಗಡೆ ಮಾಡುವ ಅವಕಾಶವನ್ನು ಬಿಎನ್‌ಎಸ್‌ಎಸ್ ಕಲಂ 274ರಲ್ಲಿ ಹೊಸದಾಗಿ ಸೇರಿಸಲಾಗಿದೆ. ಹಳೆಯ ಸಿಆರ್‌ಪಿಸಿಯ ಆ ಕಲಂನಲ್ಲಿ ಇದು ಇರಲಿಲ್ಲ.

ಜನ ಎಡವುವುದು ಇಲ್ಲೇ. ಅಂಗಡಿ ಮುಚ್ಚಿ ತಿಂಗಳಿಗೊಂದು ಸಲ ಅಲೆಯುವುದು ಯಾರಿಗೆ ಬೇಕು? 'ತಪ್ಪಾಯ್ತು ಸ್ವಾಮಿ, ಫೈನ್ ಕಟ್ತೀನಿ' ಅಂದುಬಿಡುತ್ತಾರೆ. ಆರೋಪಿ ಒಪ್ಪಿಕೊಂಡದ್ದನ್ನು ಆದಷ್ಟೂ ಅವನ ಮಾತಿನಲ್ಲೇ ದಾಖಲಿಸಬೇಕು ಎಂದು ಕಾನೂನು ಹೇಳುತ್ತದೆ. ಅದರ ಮೇಲೆ ದಂಡ ಬಿದ್ದರೂ ಅದು ಪಾರ್ಕಿಂಗ್ ರಸೀದಿಯಂತಲ್ಲ, ಅಪರಾಧಿ ಎಂಬ ತೀರ್ಪು. ಮ್ಯಾಜಿಸ್ಟ್ರೇಟರ ಮುಂದೆ ಹೀಗೆ ಒಪ್ಪಿಕೊಂಡ ಮೇಲೆ 'ನಾನು ಹೊಡೆದೇ ಇಲ್ಲ' ಎಂದು ಮೇಲ್ಮನವಿ ಹೋಗಲು ಬರುವುದಿಲ್ಲ. ಶಿಕ್ಷೆಯ ಪ್ರಮಾಣ ಅಥವಾ ಅದರ ಕಾನೂನುಬದ್ಧತೆಯನ್ನಷ್ಟೇ ಪ್ರಶ್ನಿಸಬಹುದು. ಇಬ್ಬರೂ ರಾಜಿಗೆ ಸಿದ್ಧವಿದ್ದರೆ ಅದು ಬೇರೆ ದಾರಿ. 115(2)ರ ಕೇಸನ್ನು ಏಟು ತಿಂದವರು ರಾಜಿ ಮಾಡಿಕೊಳ್ಳಬಹುದು, ಹಾಗೆ ರಾಜಿಯಾದರೆ ಆರೋಪಿ ಖುಲಾಸೆಯಾದಂತೆ. ಜೇಬಿನಿಂದ ಹೋಗುವ ಹಣ ಎರಡರಲ್ಲೂ ಹತ್ತಿರ ಹತ್ತಿರ ಇರಬಹುದು, ಆದರೆ ದಾಖಲೆಯಲ್ಲಿ ಉಳಿಯುವುದು ಬೇರೆ ಬೇರೆ.

ದೂರು ಕೊಟ್ಟವರಿಗೂ ಸಮನ್ಸ್ ಕೇಸಿನಲ್ಲಿ ಒಂದು ಅಪಾಯವಿದೆ. ಸಾಲ ಕೊಟ್ಟು ಚೆಕ್ ಪಡೆಯುವವರು ಇದನ್ನು ಗಮನಿಸಬೇಕು. ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿಯಾಗಲಿ, ಚಳ್ಳಕೆರೆಯ ಎಣ್ಣೆ ವ್ಯಾಪಾರಿಯಾಗಲಿ, ಮೊತ್ತ 20 ಸಾವಿರವಿರಲಿ 20 ಲಕ್ಷವಿರಲಿ, ಚೆಕ್ ಬೌನ್ಸ್‌ಗೆ ಗರಿಷ್ಠ ಶಿಕ್ಷೆ 2 ವರ್ಷ. ಹಾಗಾಗಿ ಅದು ವಾರಂಟ್ ಕೇಸಿನ ಗೆರೆ ದಾಟುವುದಿಲ್ಲ. ಖಾಸಗಿ ದೂರಿನ ಮೇಲೆ ಸಮನ್ಸ್ ಹೊರಟ ಇಂಥ ಕೇಸಿನಲ್ಲಿ ದಿನಾಂಕದಂದು ದೂರುದಾರರು ಬಾರದಿದ್ದರೆ ಆರೋಪಿ ಖುಲಾಸೆಯಾಗಬಹುದು. ಈಗ ಅದಕ್ಕೂ ಮೊದಲು ದೂರುದಾರರಿಗೆ 30 ದಿನ ಕಾಲಾವಕಾಶ ಕೊಡಬೇಕು ಎಂದು ಬಿಎನ್‌ಎಸ್‌ಎಸ್ ಕಲಂ 279 ಹೇಳುತ್ತದೆ. ದೂರುದಾರರ ಪರ ವಕೀಲರು ಹಾಜರಿದ್ದರೆ ಅವರಿಗೆ ವಿನಾಯಿತಿ ಕೊಡುವ ಅಧಿಕಾರವೂ ಮ್ಯಾಜಿಸ್ಟ್ರೇಟರಿಗಿದೆ. ಹೀಗೆ ಖುಲಾಸೆಯಾದರೆ ಅದೇ ಚೆಕ್ ಹಿಡಿದು ಮತ್ತೆ ದೂರು ಕೊಡಲು ಆಗುವುದಿಲ್ಲ, ಆ ತೀರ್ಪನ್ನೇ ಮೇಲಿನ ಕೋರ್ಟಿನಲ್ಲಿ ಪ್ರಶ್ನಿಸಬೇಕು. ಸೀಸನ್‌ನಲ್ಲಿ ಸರಕು ತರಲು ಹೋಗಿ ತಾರೀಕು ಮರೆತರೆ ಬೀಳುವ ಬೆಲೆ ಇದು.

ಕೊನೆಗೆ, ಮೊದಲ ಪ್ರಶ್ನೆಗೇ ಬಂದರೆ, ಅರೆಸ್ಟ್ ಮಾಡ್ತಾರಾ? ಸಮನ್ಸ್ ಕೇಸಿನಲ್ಲಿ ಮ್ಯಾಜಿಸ್ಟ್ರೇಟರು ಮೊದಲು ಕಳಿಸುವುದು ಸಮನ್ಸನ್ನೇ. ವಾರಂಟ್ ಕೇಸಿನಲ್ಲಿ ವಾರಂಟ್ ಹೊರಡಿಸಬಹುದು, ಸರಿ ಕಂಡರೆ ಸಮನ್ಸ್ ಕಳಿಸಿಯೂ ಕರೆಸಬಹುದು. ಆದರೆ ಸಮನ್ಸ್ ತಲುಪಿದ ಮೇಲೂ ಸಕಾರಣವಿಲ್ಲದೆ ಹಾಜರಾಗದಿದ್ದರೆ, ಕಪಾಳಕ್ಕೆ ಹೊಡೆದ ಕೇಸಿಗೂ ವಾರಂಟ್ ಹೊರಡುತ್ತದೆ. ಆರೋಗ್ಯ ಸರಿಯಿಲ್ಲದೆ ಬರಲಾಗದಿದ್ದರೆ ಅಂದೇ ವಕೀಲರ ಮೂಲಕ ವಿನಾಯಿತಿ ಅರ್ಜಿ ಹಾಕಿಸಬೇಕು. ಸಮನ್ಸಿನ ಮೇಲೆ ಕೇಸ್ ನಂಬರ್, ಕಲಂ, ತಾರೀಕು ಮೂರೂ ಇರುತ್ತವೆ. 2024ರ ಜುಲೈ 1ಕ್ಕೆ ಮೊದಲು ನಡೆದ ಘಟನೆಯಾದರೆ ಕಲಂ 323, 324 ಎಂಬ ಹಳೆಯ ಸಂಖ್ಯೆಗಳೇ ಕಾಣಿಸುತ್ತವೆ. ಆ ಕಲಂಗೆ ಗರಿಷ್ಠ ಶಿಕ್ಷೆ ಎಷ್ಟು ಎಂದು ಕೇಳಿದರೆ ಕೈಯಲ್ಲಿರುವುದು ಯಾವ ಕೇಸು ಎಂಬುದು ಅಲ್ಲೇ ತಿಳಿಯುತ್ತದೆ.