ದೀಪ ಉರಿಯುತ್ತದೆ, ದನಿ ಏಳುವುದಿಲ್ಲ

ಫ್ರಿಜ್ ಮೇಲಿಟ್ಟಿದ್ದ ಅಂಗೈಯಗಲದ ಬ್ಲೂಟೂತ್ ಸ್ಪೀಕರ್ ಕಳೆದ ತಿಂಗಳು ನಮ್ಮ ಅಡುಗೆಮನೆಯ ನೆಲಕ್ಕೆ ಬಿತ್ತು. ಮೈಮೇಲೆ ಒಂದು ಗೀರೂ ಇಲ್ಲ. ಗುಂಡಿ ಒತ್ತಿದರೆ ನೀಲಿ ದೀಪ ಹೊತ್ತಿತು, ಫೋನಿಗೂ ಸೇರಿಕೊಂಡಿತು, ಪರದೆಯ ಮೇಲೆ ಹಾಡಿನ ನಿಮಿಷಗಳೂ ಓಡುತ್ತಿದ್ದವು. ಶಬ್ದ ಮಾತ್ರ ಇಲ್ಲ. ಅದರಲ್ಲಿ ದೇವರನಾಮ ಹಾಕಿಕೊಂಡೇ ಬೆಳಗಿನ ಕೆಲಸ ಶುರು ಮಾಡುವ ಅಮ್ಮ, "ದೀಪ ಬರ್ತಾ ಇದೆಯಲ್ಲೋ, ಮತ್ತೇನಾಗಿದೆ ಇದಕ್ಕೆ?" ಎಂದರು.

ದೀಪ ಹೊತ್ತಿಸುವುದು, ಫೋನಿನ ಜೊತೆ ಮಾತಾಡುವುದು ಬೋರ್ಡಿನ ಮೇಲಿರುವ ಬ್ಲೂಟೂತ್ ಚಿಪ್‌ನ ಕೆಲಸ. ಅದಕ್ಕೆ ತೂಕವೇ ಇಲ್ಲ, ಬಿದ್ದರೂ ಸುಲಭಕ್ಕೆ ಕೆಡುವುದಿಲ್ಲ. ಹಾಡು ಅಲ್ಲಿಂದ ಆಂಪ್ಲಿಫೈಯರ್‌ಗೆ ಹೋಗಿ, ಎರಡು ತಂತಿಗಳ ಮೂಲಕ ಸ್ಪೀಕರಿನ ಕಾಯಿಲ್ ತಲುಪಿ, ಅದು ಕಾಗದದ ಕೋನನ್ನು ಅಲುಗಾಡಿಸಿದಾಗಲೇ ನಮಗೆ ಕೇಳಿಸುವುದು. ಕೋನಿನ ಬೆನ್ನಿಗಿರುವ ಅಯಸ್ಕಾಂತ ಇಡೀ ಪೆಟ್ಟಿಗೆಯಲ್ಲೇ ಭಾರವಾದ ವಸ್ತುಗಳಲ್ಲೊಂದು. ಪೆಟ್ಟಿಗೆ ನೆಲಕ್ಕೆ ತಾಗಿ ನಿಂತರೂ ಆ ಭಾರ ಮುಂದಕ್ಕೆ ಹೋಗಲು ನೋಡುತ್ತದೆ. ಆ ಜಗ್ಗಾಟದ ಪೆಟ್ಟು ಬೀಳುವುದು ಅದರ ಸುತ್ತಲಿನ ತಂತಿ, ಬೆಸುಗೆ, ಅಂಟುಗಳ ಮೇಲೆ.

ಬಿಚ್ಚುವ ಮೊದಲೇ ತಿಳಿಯುವಂಥದ್ದು ಬಹಳ ಇದೆ. ಆನ್ ಮಾಡಿದಾಗ ಬರುವ 'ಟಿಣ್' ಶಬ್ದ ಕೇಳಿಸುತ್ತಿದೆಯೇ ಎಂಬುದೇ ಮೊದಲ ಪ್ರಶ್ನೆ. ಆ ಶಬ್ದ ಫೋನಿನಿಂದ ಬರುವುದಲ್ಲ, ಸ್ಪೀಕರಿನೊಳಗೇ ಹುಟ್ಟಿ ಅದೇ ಆಂಪ್ಲಿಫೈಯರ್, ಅದೇ ಕಾಯಿಲ್ ಹಾದು ಬರುತ್ತದೆ. ಅದು ಕೇಳಿಸಿ ಹಾಡು ಮಾತ್ರ ಬಾರದಿದ್ದರೆ ಫೋನಿನ ವಾಲ್ಯೂಮ್ ನೋಡಬೇಕು, ವೈರ್ ಚುಚ್ಚುವ ಆಕ್ಸ್ ತೂತನ್ನೂ ನೋಡಬೇಕು. ಎಷ್ಟೋ ಸ್ಪೀಕರ್‌ಗಳಲ್ಲಿ ಆ ತೂತಿನೊಳಗೆ ಪುಟ್ಟ ಲೋಹದ ಪಟ್ಟಿ ಇರುತ್ತದೆ. ಪೆಟ್ಟಿಗೆ ಅದು ಬಾಗಿದರೆ, ವೈರ್ ಚುಚ್ಚಿದ್ದಾರೆಂದುಕೊಂಡು ಸ್ಪೀಕರ್ ಬ್ಲೂಟೂತ್ ಹಾಡನ್ನು ತಡೆಹಿಡಿಯುತ್ತದೆ. ಪಿನ್ನನ್ನು ನಾಲ್ಕೈದು ಸಲ ಹಾಕಿ ತೆಗೆದರೆ ಕೆಲವೊಮ್ಮೆ ಸರಿಹೋಗುವುದುಂಟು.

ನಮ್ಮದರಲ್ಲಿ 'ಟಿಣ್' ಕೂಡ ಇರಲಿಲ್ಲ. ಅಂದರೆ ತೊಂದರೆ ಆಂಪ್ಲಿಫೈಯರಿನಿಂದ ಈಚೆಗೆ ಎಲ್ಲೋ ಇದೆ. ಒಳಗೆ ಎರಡು ಕೋನುಗಳಿದ್ದು ಎರಡೂ ಒಟ್ಟಿಗೆ ಮೂಕವಾಗಿದ್ದರೆ ನಾನು ಮೊದಲು ಬೋರ್ಡನ್ನೇ ಅನುಮಾನಿಸುತ್ತಿದ್ದೆ. ಎರಡೂ ಕಡೆ ತಂತಿ ಒಮ್ಮೆಗೇ ಕಡಿಯುವುದು ಅಪರೂಪ. ನಮ್ಮದು ಒಂದೇ ಕೋನಿನದು.

ರಬ್ಬರ್ ಕಾಲುಗಳ ಕೆಳಗೆ ನಾಲ್ಕು ಸ್ಕ್ರೂ ಸಿಕ್ಕವು. ಒಳಗಿನ ಲಿಥಿಯಂ ಬ್ಯಾಟರಿ ಉಬ್ಬಿದ್ದರೆ, ತಗ್ಗು ಬಿದ್ದಿದ್ದರೆ, ಸಿಹಿಯಾದ ರಾಸಾಯನಿಕ ವಾಸನೆ ಬರುತ್ತಿದ್ದರೆ ಅಲ್ಲಿಗೇ ಕೈಬಿಡಬೇಕು. ಅದನ್ನು ಮತ್ತೆ ಚಾರ್ಜಿಗೂ ಹಾಕಬಾರದು, ಬೆಂಕಿ ಹೊತ್ತಿಕೊಳ್ಳಬಹುದು. ನಮ್ಮದು ಚೆನ್ನಾಗಿತ್ತು. ಅದರ ಪ್ಲಗ್ ಬಿಡಿಸಿಟ್ಟು, ಎರಡು ಬೆರಳುಗಳನ್ನು ಕೋನಿನ ಅಂಚಿನ ಎದುರುಬದುರು ಇಟ್ಟು ಮೆಲ್ಲಗೆ ಒತ್ತಿದೆ. ಕೋನು ನುಣ್ಣಗೆ ಒಳಗೆ ಹೋಗಿ ವಾಪಸ್ ಬಂತು. ಅದು ಕದಲದಿದ್ದರೆ ಅಥವಾ 'ಕರಕರ' ಎಂದು ಉಜ್ಜಿದರೆ ಅಯಸ್ಕಾಂತದ ಅಂಟು ಬಿಟ್ಟು ಜರುಗಿದೆ ಎಂದರ್ಥ. ಕಾಯಿಲ್ ಆಡುವ ಸಂದು ಒಂದು ಮಿಲಿಮೀಟರಿಗಿಂತ ಕಿರಿದು, ಅಯಸ್ಕಾಂತ ಕೂದಲೆಳೆಯಷ್ಟು ಸರಿದರೂ ಅದು ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಅಷ್ಟೇ ಅಳತೆಯ, ಅಷ್ಟೇ ಓಮ್‌ನ ಬೇರೆ ಸ್ಪೀಕರ್ ಹಾಕುವುದೇ ದಾರಿ.

ಬೋರ್ಡಿಗೆ ಚುಚ್ಚಿದ್ದ ಎರಡು ಪಿನ್‌ನ ಪ್ಲಗ್ ಭದ್ರವಾಗಿಯೇ ಇತ್ತು. ಅದನ್ನು ಕಿತ್ತು ಮಲ್ಟಿಮೀಟರ್ ಹಿಡಿದೆ. 4 ಓಮ್ ಎಂದು ಬರೆದಿರುವ ಸ್ಪೀಕರ್ ಮೀಟರಿನಲ್ಲಿ ಅದಕ್ಕಿಂತ ತುಸು ಕಡಿಮೆ, ಮೂರೂವರೆಯ ಆಸುಪಾಸು ತೋರಿಸಬೇಕು. ಇಲ್ಲಿ ಏನೂ ತೋರಿಸಲಿಲ್ಲ, ದಾರಿ ಕಡಿದಿದೆ. ಮೀಟರ್ ಇಲ್ಲದವರು ಬೋರ್ಡಿನಿಂದ ಬಿಡಿಸಿದ ಆ ಎರಡು ತಂತಿಗಳಿಗೆ ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದರೆ ಸಾಕು. ಚೆನ್ನಾಗಿರುವ ಸ್ಪೀಕರ್ 'ಟಕ್' ಎನ್ನುತ್ತದೆ.

ಬೆಸುಗೆಗಳು ಹೊಳೆಯುತ್ತಿದ್ದವು, ಎಲ್ಲೂ ಬಿಟ್ಟಿರಲಿಲ್ಲ. ಕೋನಿನಿಂದ ಹೊರಗಿನ ತಗಡಿನ ಕಿವಿಯವರೆಗೆ ಬರುವ, ಜಡೆ ಹೆಣೆದಂತಿರುವ ತೆಳುವಾದ ತಂತಿಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ಗುಟ್ಟು ರಟ್ಟಾಯಿತು. ಅದು ಕೋನಿನ ಜೊತೆ ಕುಣಿಯುವ ತಂತಿ, ನೂಲಿನ ಸುತ್ತ ತಾಮ್ರದ ಎಳೆ ಸುತ್ತಿ ಮಾಡಿದ್ದು. ಬೆಸುಗೆ ಮುಗಿಯುವ ಅಂಚಿನಲ್ಲಿ ತಾಮ್ರ ತುಂಡಾಗಿ ನೂಲು ಮಾತ್ರ ಹಿಡಿದುಕೊಂಡಿತ್ತು. ಬರಿಗಣ್ಣಿಗೆ ಅಖಂಡವಾಗಿಯೇ ಕಾಣುತ್ತಿತ್ತು.

ಸ್ಪೀಕರ್ ಸರಿಯಿದ್ದು ಬೋರ್ಡೇ ಕೆಟ್ಟಿದ್ದರೆ ಕೆಲಸ ಕಷ್ಟ. ಆಂಪ್ಲಿಫೈಯರ್ ಬಳಿ ಎತ್ತರಕ್ಕೆ ನಿಂತ ಬಿಡಿಭಾಗಗಳ ಬುಡದಲ್ಲಿ ಬೆಸುಗೆ ಬಿರುಕು ಬಿಟ್ಟಿರಬಹುದು. ಹಾಡು ಹಾಕಿ ಒಣ ಮರದ ಕಡ್ಡಿಯಿಂದ ಅಲ್ಲಲ್ಲಿ ಮೆಲ್ಲಗೆ ಒತ್ತಿದಾಗ ಶಬ್ದ ಬಂದು ಹೋಗುತ್ತಿದ್ದರೆ ಬಿರುಕು ಅಲ್ಲೇ ಇದೆ. ಚಿಪ್ಪೇ ಹೋಗಿದ್ದರೆ ಅದನ್ನು ಬದಲಿಸಲು ಬಿಸಿಗಾಳಿಯ ಉಪಕರಣವೂ ಪಳಗಿದ ಕೈಯೂ ಬೇಕು. ಅಗ್ಗದ ಸ್ಪೀಕರಿಗೆ ಆ ಖರ್ಚು ಗಿಟ್ಟುವುದಿಲ್ಲ.

ನಮ್ಮದಕ್ಕೆ ಬೇಕಾಗಿದ್ದು ಒಂದು ಹನಿ ಬೆಸುಗೆ. ಆ ತಂತಿ ಕಾದ ಸೀಸವನ್ನು ಬತ್ತಿಯಂತೆ ಹೀರಿಕೊಳ್ಳುತ್ತದೆ. ಹೀರಿದಷ್ಟೂ ಉದ್ದ ಸೆಟೆದು, ಮತ್ತೆ ಅಲ್ಲೇ ಮುರಿಯುತ್ತದೆ. ಹಾಗಾಗಿ ತುದಿಗೆ ಮಾತ್ರ ಎರಡು ಸೆಕೆಂಡ್ ಬಿಸಿ ತಾಗಿಸಿ, ತಂತಿಯನ್ನು ಬಿಗಿಯಾಗಿ ಎಳೆಯದೆ ಸಣ್ಣ ಬಾಗು ಬಿಟ್ಟೆ. ಮೀಟರ್ 3.6 ತೋರಿಸಿತು. ಬ್ಯಾಟರಿ ಚುಚ್ಚಿ ಗುಂಡಿ ಒತ್ತಿದಾಗ ದೀಪಕ್ಕಿಂತ ಮುಂಚೆ 'ಟಿಣ್' ಬಂತು. ಒಲೆಯ ಮುಂದಿದ್ದ ಅಮ್ಮ ಅಲ್ಲಿಂದಲೇ, "ಬಂತು ನೋಡು" ಎಂದರು.