ಕಿವಿಗೆ ಒಪ್ಪುವ ಕರಡು

ಮಳೆಗಾಲದ ಒಂದು ಬೆಳಿಗ್ಗೆ ರೇಡಿಯೊ ಸುದ್ದಿಮನೆಯ ಮೇಜಿಗೆ ಈ ಸುದ್ದಿ ಬಂದಿದೆ ಎಂದುಕೊಳ್ಳಿ:

“ಕೆಆರ್‌ಎಸ್ ಜಲಾಶಯದ (ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ) ನೀರಿನ ಮಟ್ಟ ಮಂಗಳವಾರ ಬೆಳಿಗ್ಗೆ 6.30ಕ್ಕೆ 121.05 ಅಡಿ ತಲುಪಿದ್ದು, ಒಳಹರಿವು 18,437 ಕ್ಯುಸೆಕ್ ಇದೆ. ನದಿಪಾತ್ರದ 5-6 ಗ್ರಾಮಗಳ ಜನ ಎಚ್ಚರದಿಂದಿರಬೇಕು, ತೆಪ್ಪದಲ್ಲಿದ್ದ 3 ಮೀನುಗಾರರನ್ನು ರಕ್ಷಿಸಲಾಗಿದೆ, ಮನೆ ಹಾನಿಗೆ ₹1.20 ಲಕ್ಷ ಪರಿಹಾರ ನೀಡಲಾಗುವುದು ಎಂದು ಡಿಸಿ ತಿಳಿಸಿದ್ದಾರೆ.”

ಜಲಾಶಯದ ಗರಿಷ್ಠ ಮಟ್ಟ ಮತ್ತು ಸಾಮರ್ಥ್ಯ ನಿಜವಾದವು. ಉಳಿದದ್ದೆಲ್ಲ ಮಾದರಿಗೆ ಹೆಣೆದದ್ದು. ಪತ್ರಿಕೆಯಲ್ಲಿ ಅಚ್ಚಾದರೆ ಇದರಲ್ಲಿ ಹೆಚ್ಚಿನ ತಪ್ಪು ಕಾಣದು. ಆದರೆ ವಾರ್ತಾವಾಚಕಿ ಇದನ್ನು ಹಾಗೇ ಮೈಕಿನ ಮುಂದೆ ಹಿಡಿದರೆ ಕನಿಷ್ಠ ಆರು ಕಡೆ ತಡವರಿಸಬೇಕಾಗುತ್ತದೆ. ಓದುಗರಿಗೆ ಅರ್ಥವಾಗದಿದ್ದರೆ ಸಾಲಿನ ಮೇಲೆ ಮತ್ತೊಮ್ಮೆ ಕಣ್ಣು ಹಾಯಿಸಬಹುದು. ಕೇಳುಗರಿಗೆ ಆ ಅನುಕೂಲವಿಲ್ಲ. ಹಾಗಾಗಿ ಬಾನುಲಿ ಅಥವಾ ಪಾಡ್‌ಕಾಸ್ಟ್ ಬರಹದ ಕರಡು ತಿದ್ದುವವರು ಕಾಗುಣಿತ ನೋಡಿ ಮುಗಿಸುವಂತಿಲ್ಲ. ಪ್ರತಿ ಅಂಕಿ, ಪ್ರತಿ ಚಿಹ್ನೆ ಬಾಯಲ್ಲಿ ಏನಾಗುತ್ತದೆ ಎಂದು ಕೇಳಿಕೊಳ್ಳಬೇಕು.

ಮೊದಲು ಚುಕ್ಕಿಯನ್ನೇ ನೋಡೋಣ. 6.30ರಲ್ಲಿರುವ ಚುಕ್ಕಿ ಗಂಟೆ, ನಿಮಿಷಗಳನ್ನು ಬೇರ್ಪಡಿಸುತ್ತದೆ. ಅದನ್ನು ‘ಆರೂವರೆ’ ಎಂದು ಓದಬೇಕು. 124.80ರಲ್ಲಿ ಅದು ದಶಾಂಶ. ಕ್ರಿಕೆಟ್ ವರದಿಯಲ್ಲಿ 17.4 ಓವರ್ ಎಂದಿದ್ದರೆ ಅದು ದಶಾಂಶವೇ ಅಲ್ಲ, ಹದಿನೇಳು ಓವರು ಮತ್ತು ನಾಲ್ಕು ಎಸೆತ. ದಶಾಂಶದ ಮುಂದಿನ ಅಂಕಿಗಳನ್ನು ಸೇರಿಸಿ ಓದುವುದರಲ್ಲೂ ಅಪಾಯವಿದೆ. ‘ಮೂರು ದಶಾಂಶ ಇಪ್ಪತ್ತೈದು’ ಎಂಬುದು ‘ಮೂರು ದಶಾಂಶ ಐದು’ ಎಂಬುದಕ್ಕಿಂತ ದೊಡ್ಡದೆಂದು ಕಿವಿಗೆ ಅನಿಸುತ್ತದೆ, ಲೆಕ್ಕದಲ್ಲಿ ಅದು ಚಿಕ್ಕದು. ಆದ್ದರಿಂದ ‘ದಶಾಂಶ ಎರಡು ಐದು’ ಎಂದು ಬಿಡಿಸಿ ಬರೆಯುವುದು ಅಥವಾ ಸಂದರ್ಭ ಒಪ್ಪಿದರೆ ‘ಮೂರೂಕಾಲು’ ಎಂದುಬಿಡುವುದು ಮೇಲು. 121.05ರ ಸೊನ್ನೆ ಓದುವಾಗ ಜಾರಿಹೋದರೆ 121.5 ಆಗುತ್ತದೆ. ಕಾಗದದ ಮೇಲೆ ಒಂದು ಸೊನ್ನೆ, ಅಣೆಕಟ್ಟಿನಲ್ಲಿ ಐದು ಇಂಚಿಗೂ ಹೆಚ್ಚು ನೀರು.

ಲಕ್ಷದ ಜೊತೆ ಬರುವ ಚುಕ್ಕಿಗೆ ಕನ್ನಡದಲ್ಲಿ ಸುಲಭದ ಪರಿಹಾರವಿದೆ. ‘1.20 ಲಕ್ಷ’ ಪತ್ರಿಕೆಯ ಜಾಗ ಉಳಿಸುವ ಬರವಣಿಗೆ. ಯಾರೂ ಹಾಗೆ ಮಾತಾಡುವುದಿಲ್ಲ, ‘ಒಂದು ಲಕ್ಷದ ಇಪ್ಪತ್ತು ಸಾವಿರ’ ಎನ್ನುತ್ತಾರೆ. 1.05 ಲಕ್ಷ ಎಂದಿದ್ದಲ್ಲಿ ಅವಸರದ ಕಣ್ಣು ಸೊನ್ನೆಯನ್ನು ಹಾರಿ ‘ಒಂದೂವರೆ ಲಕ್ಷ’ ಎಂದುಬಿಟ್ಟರೆ ಪರಿಹಾರದ ಮೊತ್ತ ನಲವತ್ತೈದು ಸಾವಿರ ಏರುತ್ತದೆ. ರೂಪಾಯಿಯ ಚಿಹ್ನೆಯದೂ ಒಂದು ತೊಡಕು. ಅದು ಬರೆಯುವಾಗ ಅಂಕಿಯ ಮುಂದಿರುತ್ತದೆ, ಹೇಳುವಾಗ ಹಿಂದೆ ಬರುತ್ತದೆ. ಶೇಕಡಾ ಚಿಹ್ನೆಯದು ಇದಕ್ಕೆ ತದ್ವಿರುದ್ಧ: 12% ಎಂದಿದ್ದರೂ ಬಾಯಿ ‘ಶೇಕಡಾ ಹನ್ನೆರಡು’ ಎಂದೇ ಶುರು ಮಾಡಬೇಕು. ಎರಡನ್ನೂ ಕರಡಿನಲ್ಲೇ ಅಕ್ಷರಕ್ಕಿಳಿಸಿ, ಹೇಳುವ ಕ್ರಮದಲ್ಲಿ ಇಟ್ಟರೆ ಓದುವವರ ಕಣ್ಣು ಹಿಂದೆ ಮುಂದೆ ಓಡಬೇಕಾಗಿಲ್ಲ.

ಇನ್ನು ‘3 ಮೀನುಗಾರರು’. ಕನ್ನಡದಲ್ಲಿ ಮನುಷ್ಯರ ಎಣಿಕೆ ಬೇರೆ, ಉಳಿದವುಗಳದ್ದು ಬೇರೆ. ತೆಪ್ಪ ಮೂರು, ಮೀನುಗಾರರು ಮೂವರು. ಅಂಕಿ ಹಾಗೇ ಉಳಿದಿದ್ದರೆ ಓದುವವರು ‘ಮೂರು’ ಎಂದು ಆರಂಭಿಸಿ, ಮುಂದಿನ ಪದ ಕಂಡ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಇಬ್ಬರು, ಮೂವರು, ನಾಲ್ವರು, ಐವರು ಎಂದು ಅಕ್ಷರದಲ್ಲೇ ಬರೆದು, ಆರರಿಂದ ಮುಂದೆ ‘ಆರು ಮಂದಿ’ ಎಂದು ಹೋದರೆ ಓದು ಸಲೀಸು. ‘5-6 ಗ್ರಾಮ’ದ ಅಡ್ಡಗೆರೆಗೂ ಒಂದೇ ಉಚ್ಚಾರವಿಲ್ಲ. ಅಂದಾಜು ಆಗಿದ್ದರೆ ‘ಐದಾರು’, ದಿನಾಂಕವಾಗಿದ್ದರೆ ‘ಐದರಿಂದ ಆರರವರೆಗೆ’, ಆಟದ ಅಂಕವಾಗಿದ್ದರೆ ‘ಐದು – ಆರು’. ಯಾವುದೆಂದು ತೀರ್ಮಾನಿಸಬೇಕಾದ್ದು ಮೇಜಿನ ಬಳಿ, ಕೆಂಪು ದೀಪ ಉರಿದ ಮೇಲಲ್ಲ.

ಸಂಕ್ಷೇಪಗಳನ್ನೆಲ್ಲ ಬಿಡಿಸಲೇಬೇಕೆಂದೇನಿಲ್ಲ. ಇಸ್ರೊ ಎಂಬುದು ಈಗ ಪದವೇ ಆಗಿದೆ. ಆದರೆ ಜಿಪಂ, ಗ್ರಾಪಂ, ಕಿ.ಮೀ., ಡಾ. ಇವೆಲ್ಲ ಕಣ್ಣಿಗಾಗಿ ಹುಟ್ಟಿದವು. ಜಿಲ್ಲಾ ಪಂಚಾಯಿತಿ, ಗ್ರಾಮ ಪಂಚಾಯಿತಿ, ಕಿಲೋಮೀಟರ್, ಡಾಕ್ಟರ್ ಎಂದೇ ಕರಡಿನಲ್ಲಿ ಇರಬೇಕು. ಮಾದರಿ ಸುದ್ದಿಯ ಡಿಸಿ ಕೂಡ ಜಿಲ್ಲಾಧಿಕಾರಿಯಾಗಲಿ. ಟಿಎಂಸಿಯ ವಿಷಯ ಸ್ವಲ್ಪ ನಾಜೂಕು. ಮಂಡ್ಯದ ರೈತರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ನೂರು ಕೋಟಿ ಘನ ಅಡಿ ನೀರು ಎಂಬುದು ಅದರ ಅಳತೆ. ಆದರೆ ಅದೇ ಬುಲೆಟಿನ್ನಿನಲ್ಲಿ ಪಶ್ಚಿಮ ಬಂಗಾಳದ ಸುದ್ದಿಯೂ ಇದ್ದರೆ ಅಲ್ಲಿ ಟಿಎಂಸಿ ಎಂದರೆ ತೃಣಮೂಲ ಕಾಂಗ್ರೆಸ್. ಹಾಗಾಗಿ ಒಂದು ಕಡೆ ‘ಟಿಎಂಸಿ ನೀರು’, ಇನ್ನೊಂದು ಕಡೆ ಪಕ್ಷದ ಪೂರ್ತಿ ಹೆಸರು ಎಂದು ತಿದ್ದುವುದು ಕ್ಷೇಮ.

ಲೇಖನ ಚಿಹ್ನೆಗಳಲ್ಲಿ ಅತಿ ಹೆಚ್ಚು ಮೋಸ ಮಾಡುವುದು ಆವರಣ ಮತ್ತು ಉದ್ಧರಣ ಚಿಹ್ನೆ. ಎರಡೂ ಕೇಳಿಸುವುದಿಲ್ಲ. ಆವರಣದೊಳಗಿನ ಮಾತನ್ನು ಹೊರತೆಗೆದು ಅದಕ್ಕೊಂದು ಪ್ರತ್ಯೇಕ ವಾಕ್ಯ ಕೊಡುವುದು ಒಳ್ಳೆಯದು. ಉದ್ಧರಣೆಯದು ಇನ್ನೂ ಗಂಭೀರ. ಕನ್ನಡದಲ್ಲಿ ‘ಎಂದು ತಿಳಿಸಿದ್ದಾರೆ’ ಎಂಬುದು ವಾಕ್ಯದ ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಪರಿಹಾರದ ಭರವಸೆ ಕೊಡುತ್ತಿರುವುದು ರೇಡಿಯೊವೇ ಎಂದು ಕೇಳುಗರು ತಿಳಿಯಬಹುದು. ಹೇಳಿದವರ ಹೆಸರು ಅಥವಾ ಹುದ್ದೆ ಮೊದಲೇ ಬಂದರೆ ಆ ಗೊಂದಲ ಇರುವುದಿಲ್ಲ. ಅಲ್ಪವಿರಾಮದಿಂದಲೂ ಎಲ್ಲವೂ ಸರಿಹೋಗದು. ‘ಹೊಸ ಶಾಲೆಯ ಕಟ್ಟಡ’ ಎಂದಾಗ ಹೊಸದು ಯಾವುದು? ಚಿಹ್ನೆ ಹುಡುಕುವ ಬದಲು ಪದ ಸರಿಸಿ ‘ಶಾಲೆಯ ಹೊಸ ಕಟ್ಟಡ’ ಎಂದರೆ ಮುಗಿಯಿತು.

ಇಷ್ಟೆಲ್ಲ ತಿದ್ದಿದ ಮೇಲೆ ಸುದ್ದಿ ಹೀಗಾಗುತ್ತದೆ:

“ಕೃಷ್ಣರಾಜಸಾಗರ ಜಲಾಶಯದ ನೀರಿನ ಮಟ್ಟ ಇಂದು ಬೆಳಿಗ್ಗೆ ಆರೂವರೆಗೆ ನೂರ ಇಪ್ಪತ್ತೊಂದು ಅಡಿ ದಾಟಿದೆ. ಜಲಾಶಯದ ಗರಿಷ್ಠ ಮಟ್ಟ ನೂರ ಇಪ್ಪತ್ತನಾಲ್ಕು ದಶಾಂಶ ಎಂಟು ಅಡಿ. ಹದಿನೆಂಟು ಸಾವಿರಕ್ಕೂ ಹೆಚ್ಚು ಕ್ಯುಸೆಕ್ ನೀರು ಹರಿದುಬರುತ್ತಿದೆ. ನದಿಪಾತ್ರದ ಐದಾರು ಗ್ರಾಮಗಳ ಜನ ಎಚ್ಚರದಿಂದಿರುವಂತೆ ಜಿಲ್ಲಾಧಿಕಾರಿ ಸೂಚಿಸಿದ್ದಾರೆ. ತೆಪ್ಪದಲ್ಲಿದ್ದ ಮೂವರು ಮೀನುಗಾರರನ್ನು ರಕ್ಷಿಸಲಾಗಿದೆ ಎಂದೂ ಅವರು ತಿಳಿಸಿದ್ದಾರೆ. ಮನೆ ಹಾನಿಗೆ ಒಂದು ಲಕ್ಷದ ಇಪ್ಪತ್ತು ಸಾವಿರ ರೂಪಾಯಿ ಪರಿಹಾರ ಸಿಗಲಿದೆ ಎಂಬುದು ಅವರ ಭರವಸೆ.”

ಸಾಮರ್ಥ್ಯದ ಅಂಕಿಯನ್ನು ಇಲ್ಲಿ ಕೈಬಿಡಲಾಗಿದೆ, ಒಳಹರಿವನ್ನು ಸುಮಾರಾಗಿ ಹೇಳಲಾಗಿದೆ. ಅರ್ಧ ನಿಮಿಷದ ಸುದ್ದಿಯಲ್ಲಿ ಅಷ್ಟೊಂದು ಅಂಕಿಗಳು ಕೇಳುಗರ ನೆನಪಿನಲ್ಲಿ ನಿಲ್ಲುವುದಿಲ್ಲ. ಆದರೆ ಪರಿಹಾರದ ಮೊತ್ತವನ್ನು ಸುಮಾರು ಮಾಡುವಂತಿಲ್ಲ, ಜನ ಅದನ್ನು ಹಿಡಿದು ಕಚೇರಿಗೆ ಹೋಗುತ್ತಾರೆ. ಸಹಾಯವಾಣಿಗಳನ್ನು ಊರ ಬಾಯಲ್ಲಿರುವಂತೆಯೇ ಬಿಡಬೇಕು: 108 ಎಂದರೆ ‘ನೂರಾ ಎಂಟು’. ಪಾಡ್‌ಕಾಸ್ಟ್ ಆಗಿದ್ದರೆ ‘ಇಂದು’ ಎಂಬುದನ್ನೂ ತಿದ್ದಿ ತಾರೀಖು ಹಾಕಬೇಕಾಗುತ್ತದೆ, ಏಕೆಂದರೆ ಅದನ್ನು ಒಬ್ಬರು ಅದೇ ದಿನ ಕೇಳಬಹುದು, ಇನ್ನೊಬ್ಬರು ಮುಂದಿನ ಬೇಸಿಗೆಯಲ್ಲಿ ಕೇಳಬಹುದು.

ಕೊನೆಯ ಸುತ್ತು ಹಾಳೆಯದು. ಅಂಕಿ ಒಂದು ಸಾಲಿನಲ್ಲಿ, ಅಡಿ ಅಥವಾ ಸಾವಿರ ಮುಂದಿನ ಸಾಲಿನಲ್ಲಿ ಬೀಳದಂತೆ ನೋಡಿಕೊಳ್ಳಬೇಕು. ಪುಟ ಮುಗಿಯುವಲ್ಲಿ ವಾಕ್ಯವೂ ಮುಗಿಯಬೇಕು, ಇಲ್ಲದಿದ್ದರೆ ಹಾಳೆ ತಿರುಗಿಸುವ ಹೊತ್ತಿಗೆ ವಾಕ್ಯ ಮಧ್ಯದಲ್ಲೇ ತುಂಡಾಗುತ್ತದೆ. ಆಮೇಲೆ ಗಟ್ಟಿಯಾಗಿ ಓದಬೇಕು, ಎದುರಿಗೆ ಕಾಗದವಿಲ್ಲದ ಒಬ್ಬರು ಕುಳಿತು ಕೇಳಬೇಕು. ಓದಿ ಮುಗಿದ ಮೇಲೆ ನೀರು ಎಷ್ಟು ಅಡಿ, ಪರಿಹಾರ ಎಷ್ಟು, ಹೇಳಿದ್ದು ಯಾರು ಎಂದು ಅವರನ್ನು ಕೇಳಿದರೆ ಸಾಕು. ಉತ್ತರ ತಪ್ಪಿದ ಜಾಗದಲ್ಲೇ ಪೆನ್ಸಿಲ್ಲಿಗೆ ಇನ್ನೂ ಕೆಲಸ ಬಾಕಿ ಇದೆ.