ಸಂಜೆ ಆರರ ನಂತರದ ಕೆಲಸಕ್ಕೂ ಲೆಕ್ಕ ಬೇಕು

“ಕೆಲಸ ತುಂಬಾ ಜಾಸ್ತಿ ಆಗ್ತಿದೆ ಸರ್.”

“ಯಾರಿಗೆ ಕಡಿಮೆ ಇದೆ ಹೇಳಮ್ಮ?”

ತಿಂಗಳ ಸಂಬಳಕ್ಕೆ ದುಡಿಯುವವರಲ್ಲಿ ಈ ಮಾತುಕತೆ ಕೇಳದವರು ಕಡಿಮೆ. ಮಾತು ಅಲ್ಲಿಗೇ ನಿಂತುಬಿಡುತ್ತದೆ, ಏಕೆಂದರೆ ಇಬ್ಬರ ಕೈಯಲ್ಲೂ ಅಂಕಿಯಿಲ್ಲ. ಕಾರ್ಖಾನೆಯ ಕಾರ್ಮಿಕ ಪಾಳಿ ಮುಗಿದ ಮೇಲೂ ದುಡಿದರೆ ಅದು ಓಟಿ ಎಂದು ಸಂಬಳದ ಚೀಟಿಗೆ ಬರುತ್ತದೆ. ಕಚೇರಿಯಲ್ಲಿ ಕುಳಿತು ದುಡಿಯುವವರು ರಾತ್ರಿ ಎಂಟರವರೆಗೆ ಇದ್ದರೂ ಬ್ಯಾಂಕಿಗೆ ಬೀಳುವ ಮೊತ್ತ ಅಷ್ಟೇ. ಆ ಗಂಟೆಗಳಿಗೆ ಯಾರೂ ದುಡ್ಡು ಕೊಡುವುದಿಲ್ಲ, ಹಾಗಾಗಿ ಯಾರೂ ಎಣಿಸುವುದೂ ಇಲ್ಲ. ದುಡಿಯುವವರೇ ಎಣಿಸಬೇಕು. ಎಷ್ಟು ಗಂಟೆ ಎಂಬುದರ ಜೊತೆಗೆ, ಯಾವ ಕೆಲಸಕ್ಕೆ ಎಷ್ಟು ಎಂಬುದನ್ನೂ ಬರೆದಿಡಬೇಕು. ಬರೀ ಒಟ್ಟು ಗಂಟೆ ಹಿಡಿದು ಹೋದರೆ ಅದು ಗೋಳಾಗುತ್ತದೆ. ಕೆಲಸವಾರು ವಿಂಗಡಿಸಿ ಹೋದರೆ ಮ್ಯಾನೇಜರ್ ಏನಾದರೂ ಮಾಡಲು ಸಾಧ್ಯವಾಗುತ್ತದೆ.

ಬೆಂಗಳೂರಿನ ಒಂದು ಮಧ್ಯಮ ಗಾತ್ರದ ವ್ಯಾಪಾರಿ ಸಂಸ್ಥೆಯ ಅಕೌಂಟ್ಸ್ ವಿಭಾಗವನ್ನು ಕಲ್ಪಿಸಿಕೊಳ್ಳಿ. ಅಲ್ಲೊಬ್ಬ ಅಕೌಂಟೆಂಟ್ ಇದ್ದಾರೆ. ನೇಮಕಾತಿ ಪತ್ರದ ಪ್ರಕಾರ ಸೋಮವಾರದಿಂದ ಶುಕ್ರವಾರ ದಿನಕ್ಕೆ ಎಂಟು ಗಂಟೆ, ಶನಿವಾರ ಅರ್ಧ ದಿನ, ಅಂದರೆ ನಾಲ್ಕು ಗಂಟೆ. ಅಕೌಂಟ್ಸ್ ಕೆಲಸವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅಲ್ಲಿ ತಿಂಗಳಿಗೆ ತನ್ನದೇ ಏರಿಳಿತವಿದೆ. 7ನೇ ತಾರೀಖಿನೊಳಗೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್, 20ಕ್ಕೆ ಜಿಎಸ್‌ಟಿಆರ್-3ಬಿ. ಈ ದಿನಗಳ ಹಿಂದೆಮುಂದೆ ರಾತ್ರಿಯಾಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ಗೊತ್ತಿರುವುದರಿಂದಲೇ “ರಿಟರ್ನ್ ಟೈಮಲ್ಲಿ ಹಾಗೇ” ಎಂದು ಎಲ್ಲರೂ ಸುಮ್ಮನಾಗುತ್ತಾರೆ. ನಿಜವಾದ ಕಾರಣ ಅದೇ ಹೌದೋ ಅಲ್ಲವೋ ಎಂದು ಯಾರೂ ನೋಡಹೋಗುವುದಿಲ್ಲ.

ಬರೆದಿಡಲು ದೊಡ್ಡ ಸಾಫ್ಟ್‌ವೇರ್ ಬೇಡ, ಒಂದು ಎಕ್ಸೆಲ್ ಹಾಳೆ ಸಾಕು. ತಾರೀಖು, ಶುರುವಾದ ಹೊತ್ತು, ಮುಗಿದ ಹೊತ್ತು, ನಡುವಿನ ಬಿಡುವು ಎಷ್ಟು ನಿಮಿಷ, ಯಾವ ಬಗೆಯ ಕೆಲಸ, ಯಾರು ಹೇಳಿದ್ದು. ಕೆಲಸದ ಬಗೆಗಳು ಏಳೆಂಟು ಮೀರಬಾರದು. ಇಪ್ಪತ್ತು ಮಾಡಿಕೊಂಡವರು ಎರಡನೇ ವಾರಕ್ಕೇ ಬರೆಯುವುದು ಬಿಡುತ್ತಾರೆ. ಒಂದು ಸಾಲಿನ ಗಂಟೆ ಲೆಕ್ಕಕ್ಕೆ ಈ ಸೂತ್ರ ಸಾಕು:

```
=MOD(C2-B2,1)*24-D2/60
```

B ಯಲ್ಲಿ ಶುರು, C ಯಲ್ಲಿ ಮುಗಿದದ್ದು, D ಯಲ್ಲಿ ಬಿಡುವಿನ ನಿಮಿಷ. ಎಕ್ಸೆಲ್ ಸಮಯವನ್ನು ದಿನದ ಭಾಗವಾಗಿ ಇಟ್ಟುಕೊಳ್ಳುವುದರಿಂದ 24ರಿಂದ ಗುಣಿಸಬೇಕು. `MOD` ಇಲ್ಲದಿದ್ದರೆ ಮಧ್ಯರಾತ್ರಿ ದಾಟಿದ ದಿನ ಉತ್ತರ ಋಣ ಸಂಖ್ಯೆಯಾಗಿ ಬರುತ್ತದೆ. ಉತ್ತರವೂ ಗಡಿಯಾರದ ರೂಪದಲ್ಲಿ ಕಂಡರೆ ಆ ಕಾಲಂನ ಫಾರ್ಮ್ಯಾಟನ್ನು ಸಂಖ್ಯೆಗೆ ಬದಲಿಸಿಕೊಳ್ಳಿ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಆರು ಗಂಟೆಯ ನಂತರ ಮಾಡಿದ್ದನ್ನು ಮಾತ್ರ ಬರೆಯುತ್ತಾರೆ. ಹೆಚ್ಚುವರಿ ಕೆಲಸ ಅಂದರೆ ಅದೇ ತಾನೆ ಅನ್ನಿಸುವುದು ಸಹಜ. ಆದರೆ ಸಂಜೆ ಮಾಡುವ ಕೆಲಸ ಹೆಚ್ಚಾಗಿ ಹಗಲು ಮಾಡಲಾಗದೆ ಹಿಂದೆ ಬಿದ್ದ ಕೆಲಸ. ಅದನ್ನು ಹಿಂದಕ್ಕೆ ತಳ್ಳಿದ್ದು ಯಾವುದು ಎಂಬುದು ಹಗಲಿನ ಲೆಕ್ಕದಲ್ಲಿರುತ್ತದೆ. ಹಾಗಾಗಿ ಇಡೀ ದಿನವನ್ನು ಬರೆಯಬೇಕು.

ನಮ್ಮ ಅಕೌಂಟೆಂಟರ ಹಾಳೆ ನೋಡೋಣ. ಆ ತಿಂಗಳಲ್ಲಿ 22 ಪೂರ್ಣ ದಿನ, 4 ಶನಿವಾರ. ಒಪ್ಪಂದದ ಪ್ರಕಾರ 192 ಗಂಟೆ. ದುಡಿದದ್ದು 231. ಹೆಚ್ಚುವರಿ 39 ಗಂಟೆ, ಅಂದರೆ ಹತ್ತಿರಹತ್ತಿರ ಐದು ದಿನದ ಕೆಲಸ. ಆರರ ನಂತರದ ಸಾಲುಗಳನ್ನಷ್ಟೇ ನೋಡಿದರೆ ಎದ್ದು ಕಾಣುವುದು ಬ್ಯಾಂಕ್ ಲೆಕ್ಕ ತಾಳೆ ಮಾಡುವ ಕೆಲಸ. ಅದನ್ನೇ ಮ್ಯಾನೇಜರ್ ಮುಂದಿಟ್ಟಿದ್ದರೆ “ತಾಳೆ ಮಾಡೋಕೆ ಯಾಕೆ ಇಷ್ಟು ಹೊತ್ತು? ಸ್ವಲ್ಪ ಬೇಗ ಮಾಡಿ” ಎಂಬ ಉತ್ತರ ಸಿಗುತ್ತಿತ್ತು. ತಪ್ಪು ಕಾರಣಕ್ಕೆ ತಪ್ಪು ಮದ್ದು.

ಇಡೀ ತಿಂಗಳ ವಿಂಗಡಣೆ ಬೇರೆಯದೇ ಕಥೆ ಹೇಳುತ್ತದೆ. ಖರೀದಿ ಬಿಲ್ಲುಗಳ ನಮೂದಿಗೆ 62 ಗಂಟೆ, ಜಿಎಸ್‌ಟಿ ಮತ್ತು ಟಿಡಿಎಸ್‌ಗೆ 46, ಬ್ಯಾಂಕ್ ತಾಳೆಗೆ 38, ತಿಂಗಳ ವರದಿಗೆ 24, ಚಿಲ್ಲರೆಪಲ್ಲರೆಗೆ 14. ಇವೆಲ್ಲ ಅವರನ್ನು ಸೇರಿಸಿಕೊಂಡಾಗ ಹೇಳಿದ್ದ ಕೆಲಸಗಳು. ಕೂಡಿದರೆ 184 ಗಂಟೆ. 192ರೊಳಗೆ ಆರಾಮಾಗಿ ಹಿಡಿಸುತ್ತವೆ. ಉಳಿದ 47 ಗಂಟೆ ಎರಡು ಕಡೆಯಿಂದ ಬಂದಿದೆ. ಆರು ತಿಂಗಳ ಹಿಂದೆ ಕೆಲಸ ಬಿಟ್ಟ ಸಹೋದ್ಯೋಗಿಯ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲ. “ಸದ್ಯಕ್ಕೆ ನೋಡ್ಕೊಳ್ಳಿ” ಎಂದು ಕೊಟ್ಟ ಅವರ ಟ್ರಾವೆಲ್ ಬಿಲ್ಲು ಮತ್ತು ಚಿಲ್ಲರೆ ಖರ್ಚಿನ ಲೆಕ್ಕ 19 ಗಂಟೆ ತಿನ್ನುತ್ತಿದೆ. ಇನ್ನು 28 ಗಂಟೆ ಮಾರಾಟ ವಿಭಾಗದವರ ಫೋನಿಗೆ ಹೋಗಿದೆ. ಆ ಪಾರ್ಟಿಯ ಪೇಮೆಂಟ್ ಬಂತಾ, ಈ ಲೆಡ್ಜರ್ ಕಳಿಸ್ತೀರಾ, ಡೀಲರ್ ಬಾಕಿ ಎಷ್ಟು? ಒಂದೊಂದು ಫೋನು ಐದು ಹತ್ತು ನಿಮಿಷದ್ದು, ಆದ್ದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ. ಸ್ವತಃ ಅವರಿಗೂ ಅದು ಕೆಲಸ ಎಂದೇ ಅನ್ನಿಸಿರಲಿಲ್ಲ.

ಇಂಥ ಹಾಳೆಯನ್ನು ನಂಬಬಹುದೇ ಎಂಬುದು ಮ್ಯಾನೇಜರ್‌ಗೆ ಬರುವ ಮೊದಲ ಪ್ರಶ್ನೆ. ಅದು ನ್ಯಾಯವಾದದ್ದೇ. ವಾರದ ಕೊನೆಗೆ ನೆನಪಿನಿಂದ ತುಂಬಿದ ಹಾಳೆ ನೋಡಿದ ಕೂಡಲೇ ತಿಳಿಯುತ್ತದೆ. ಎಲ್ಲ ದಿನವೂ ಎರಡು ಗಂಟೆ, ಮೂರು ಗಂಟೆ ಎಂಬ ದುಂಡು ಅಂಕಿಗಳಿರುತ್ತವೆ, ಬೇಗ ಮನೆಗೆ ಹೋದ ದಿನವೇ ಇರುವುದಿಲ್ಲ. ಮಗುವಿನ ಶಾಲೆಗೆಂದು ನಾಲ್ಕಕ್ಕೆ ಹೊರಟ ದಿನವನ್ನೂ ಬರೆಯಬೇಕು, ಆ ಎರಡು ಗಂಟೆಯನ್ನು ಕಳೆಯಬೇಕು. ಊಟದ ಹೊತ್ತು, ಕಚೇರಿಗೆ ಬಂದುಹೋಗುವ ಹೊತ್ತು ಸೇರಿಸಬಾರದು. ರಾತ್ರಿ ಮನೆಯಲ್ಲಿ ಲ್ಯಾಪ್‌ಟಾಪ್ ತೆಗೆದು ಮಾಡಿದ ಕೆಲಸವನ್ನು ಬಿಡಬಾರದು. ಬೆರಳೊತ್ತುವ ಹಾಜರಿ ಯಂತ್ರಕ್ಕೆ ಅದು ಗೊತ್ತೇ ಆಗುವುದಿಲ್ಲ. ಎಷ್ಟು ಹೊತ್ತು ಕಟ್ಟಡದೊಳಗೆ ಇದ್ದಿರಿ ಎಂಬುದಷ್ಟೇ ಅದಕ್ಕೆ ಗೊತ್ತು.

ಪಕ್ಕಾ ಸಾಕ್ಷಿ ಬೇಕೆಂದರೆ ಅಕೌಂಟ್ಸ್‌ನವರಿಗೆ ಒಂದು ಅನುಕೂಲವಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ಬದಲಾವಣೆಯ ದಾಖಲೆ ಉಳಿಯುವುದು ಕಡ್ಡಾಯ. ಟ್ಯಾಲಿಯ ಎಡಿಟ್ ಲಾಗ್‌ನಲ್ಲಿ ವೋಚರ್ ನಮೂದಾದದ್ದು, ತಿದ್ದಿದ್ದು ಉಳಿದಿರುತ್ತದೆ. ಉಳಿದ ಕೆಲಸದವರಿಗೆ ಕಳಿಸಿದ ಇಮೇಲ್‌ಗಳ ಸಮಯ ಇದ್ದೇ ಇದೆ. ಆದರೆ ಕಚೇರಿಯ ಕಡತ, ಗ್ರಾಹಕರ ಹೆಸರು, ಮೊತ್ತ ಯಾವುದನ್ನೂ ನಿಮ್ಮ ಸ್ವಂತ ಹಾಳೆಗೆ ಇಳಿಸಿಕೊಳ್ಳಬೇಡಿ. ಗಂಟೆ ಮತ್ತು ಕೆಲಸದ ಬಗೆ ಎರಡೇ ಸಾಕು. ಇಲ್ಲದಿದ್ದರೆ ಚರ್ಚೆ ಕೆಲಸದ ಹೊರೆಯನ್ನು ಬಿಟ್ಟು ಗೋಪ್ಯತೆಯ ಕಡೆ ತಿರುಗುತ್ತದೆ.

ಐಟಿ ಕಂಪನಿಗಳವರು “ನಮ್ಮಲ್ಲಿ ಟೈಮ್‌ಶೀಟ್ ಇದೆಯಲ್ಲ” ಅನ್ನಬಹುದು. ಹಲವೆಡೆ ಆ ಟೈಮ್‌ಶೀಟ್ ಇರುವುದು ಗ್ರಾಹಕರಿಗೆ ಬಿಲ್ ಮಾಡಲು. ದಿನಕ್ಕೆ ಎಂಟು ಗಂಟೆ ಮೀರಿ ತುಂಬಬೇಡಿ ಎಂಬ ಬಾಯಿಮಾತಿನ ಸೂಚನೆ ಅದರ ಜೊತೆಗೇ ಇರುತ್ತದೆ. ಹನ್ನೊಂದು ಗಂಟೆ ದುಡಿದು ಎಂಟು ತುಂಬಿದರೆ ಆ ದಿನದ ಸಂಗತಿ ಮುಚ್ಚಿಹೋಗುವುದಷ್ಟೇ ಅಲ್ಲ. ಮುಂದಿನ ಪ್ರಾಜೆಕ್ಟಿಗೆ ಎಷ್ಟು ಜನ ಬೇಕೆಂದು ಅಂದಾಜು ಹಾಕುವಾಗ ಅದೇ ಎಂಟು ಗಂಟೆಯನ್ನು ನಂಬಿ ಲೆಕ್ಕ ಹಾಕುತ್ತಾರೆ. ಈ ವರ್ಷದ ಕೊರತೆ ಹಾಗೆಯೇ ಮುಂದಿನ ವರ್ಷಕ್ಕೂ ಹೋಗುತ್ತದೆ. ಇದು ನನಗೆ ತೀರಾ ನೋವಿನ ಸಂಗತಿ, ಏಕೆಂದರೆ ಪ್ರಾಮಾಣಿಕವಾಗಿ ದುಡಿದವರೇ ತಮ್ಮ ಕೈಯಾರೆ ಸುಳ್ಳು ಬರೆಯಬೇಕಾಗುತ್ತದೆ.

ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೊಂದು ದಾರಿ ಮಾಡಿದ್ದಾರೆ. ನಮ್ಮ ಕಡೆಯ ಎಷ್ಟೋ ವೈದ್ಯರು ಅಲ್ಲಿ ದುಡಿಯುತ್ತಿದ್ದಾರೆ, ಅವರಿಗೆ ಇದು ಪರಿಚಿತ. ಕಿರಿಯ ವೈದ್ಯರಿಗಾಗಿ 2016ರಲ್ಲಿ ಬಂದ ಒಪ್ಪಂದದ ಪ್ರಕಾರ, ನಿಗದಿಯಾದ ಪಾಳಿ ಮೀರಿ ದುಡಿಯಬೇಕಾಗಿ ಬಂದರೆ ವೈದ್ಯರು ಅದನ್ನು ಒಂದು ವರದಿಯಾಗಿ ಸಲ್ಲಿಸಬಹುದು. ಪ್ರತಿ ಆಸ್ಪತ್ರೆ ಸಂಸ್ಥೆಯಲ್ಲೂ ಕೆಲಸದ ಗಂಟೆಗಳ ಮೇಲೆ ಕಣ್ಣಿಡಲು ಒಬ್ಬ ಅಧಿಕಾರಿ ಇರುತ್ತಾರೆ. ವರದಿಗೆ ಪ್ರತಿಯಾಗಿ ಹಣ ಅಥವಾ ಬಿಡುವು ಸಿಗಬಹುದು. ಒಂದೇ ವಾರ್ಡಿನಿಂದ ಮತ್ತೆ ಮತ್ತೆ ವರದಿ ಬಂದರೆ ಆ ಪಾಳಿಪಟ್ಟಿಯನ್ನೇ ಮರುಪರಿಶೀಲಿಸಬಹುದು. ವೈದ್ಯರು ನಿಧಾನವೇ ಎಂಬ ಪ್ರಶ್ನೆಗಿಂತ ಪಾಳಿಪಟ್ಟಿ ಸರಿಯಿದೆಯೇ ಎಂಬ ಪ್ರಶ್ನೆ ಅಲ್ಲಿ ಮುಂದೆ ಬರುತ್ತದೆ.

ನಮ್ಮಲ್ಲಿ ಕಾನೂನು ಏನೂ ಹೇಳುವುದಿಲ್ಲ ಎಂದಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಅದಕ್ಕೆ ಮೀರಿದರೆ ಎರಡು ಪಟ್ಟು ವೇತನ ಎಂದಿತು. ಆಡಳಿತದ ಹುದ್ದೆಯಲ್ಲಿರುವವರಿಗೆ ಅದು ಅನ್ವಯವಾಗುವುದಿಲ್ಲ. ನಮ್ಮ ಅಕೌಂಟೆಂಟರ ಒಪ್ಪಂದ ವಾರಕ್ಕೆ 44 ಗಂಟೆಯದು. 44ಕ್ಕೂ 48ಕ್ಕೂ ನಡುವಿನ ನಾಲ್ಕು ಗಂಟೆ ಅವರಿಗೂ ಸಂಸ್ಥೆಗೂ ಬಿಟ್ಟ ವಿಚಾರ, ದಿನದ ಮಿತಿಯನ್ನು ಅಥವಾ ವಾರದ 48ನ್ನು ದಾಟಿದ್ದು ಕಾಯ್ದೆಯ ವಿಚಾರ. ಹಾಳೆಯಲ್ಲಿ ಇವೆರಡನ್ನೂ ಬೇರೆಬೇರೆ ಕಾಲಂನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಆದರೆ ಮ್ಯಾನೇಜರ್ ಜೊತೆಗಿನ ಮೊದಲ ಮಾತನ್ನೇ ಕಾಯ್ದೆಯಿಂದ ಶುರು ಮಾಡಿದರೆ ಅವರು ಎಚ್‌ಆರ್ ವಿಭಾಗಕ್ಕೆ ಫೋನ್ ಮಾಡುತ್ತಾರೆ, ಟ್ರಾವೆಲ್ ಬಿಲ್ಲು ನಿಮ್ಮ ಮೇಜಿನ ಮೇಲೇ ಉಳಿಯುತ್ತದೆ.

ಒಂದು ತಿಂಗಳ ಲೆಕ್ಕ ಸಾಲದು, ಎರಡು ತಿಂಗಳಾದರೂ ಬೇಕು. ಮಾರ್ಚ್ ಬೇಡ, ವರ್ಷಾಂತ್ಯದ ಗಡಿಬಿಡಿ ಎಂದು ಎಲ್ಲವನ್ನೂ ತಳ್ಳಿಹಾಕಲು ಅದೊಂದು ನೆಪವಾಗುತ್ತದೆ. ಆಮೇಲೆ ಇಡೀ ಹಾಳೆ ತೋರಿಸಬೇಕಿಲ್ಲ, ಒಂದು ಪುಟ ಸಾಕು. ಒಪ್ಪಂದ 192, ದುಡಿದದ್ದು 231, ಮೂಲ ಕೆಲಸ 184, ಹೊಸದಾಗಿ ಸೇರಿದ್ದು 47. ಕೆಳಗೆ ಎರಡು ಸಲಹೆ. ಟ್ರಾವೆಲ್ ಬಿಲ್ಲುಗಳನ್ನು ಬೇರೆಯವರಿಗೆ ಒಪ್ಪಿಸುವುದು. ಮಾರಾಟದವರಿಗೆ ದಿನಾ ಬೆಳಿಗ್ಗೆ ಡೀಲರ್ ಬಾಕಿಯ ಪಟ್ಟಿ ಇಮೇಲ್ ಮಾಡಿ, ಫೋನಿಗೆ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಮಾತ್ರ ಹೊತ್ತು ಇಡುವುದು.

“ಇನ್ನೊಬ್ಬರನ್ನ ತಗೊಳ್ಳೋಕೆ ಮೇಲಿನವರು ಒಪ್ಪಲ್ಲಮ್ಮ.”

“ಇನ್ನೊಬ್ಬರು ಬೇಡ ಸರ್. ನಲವತ್ತೇಳು ಗಂಟೆ ಅಂದ್ರೆ ಒಬ್ಬರ ಕೆಲಸದ ಕಾಲು ಭಾಗ ಅಷ್ಟೇ. ಬಿಲ್ಲುಗಳನ್ನ ಆಡ್ಮಿನ್‌ನವರು ನೋಡ್ಕೊಂಡ್ರೂ ಸಾಕು.”

ಮ್ಯಾನೇಜರ್ ತಮ್ಮ ಮೇಲಿನವರ ಮುಂದೆ ಇಡಬಹುದಾದ ಮಾತು ಇದು. ಅವರೂ ಸಂಬಳದವರೇ, ಅವರಿಗೂ ಮೇಲೆ ಹೇಳಲು ಅಂಕಿ ಬೇಕು. “ನನ್ನ ಹುಡುಗಿಗೆ ಕಷ್ಟವಾಗ್ತಿದೆ” ಎಂದರೆ ನಡೆಯದ್ದು, “ಕೆಲಸ ಬಿಟ್ಟವರ 19 ಗಂಟೆ ಇನ್ನೂ ಯಾರ ಹೆಸರಿಗೂ ಬಿದ್ದಿಲ್ಲ” ಎಂದರೆ ನಡೆಯಬಹುದು.

ಬದಲಾವಣೆ ಆದ ಮೇಲೂ ಇನ್ನೆರಡು ತಿಂಗಳು ಬರೆಯುತ್ತಿರಬೇಕು. ಫೋನಿನ 28 ಗಂಟೆ ಹತ್ತಕ್ಕೆ ಇಳಿದೂ ಸಂಜೆ ಮಾತ್ರ ಹಾಗೆಯೇ ಎಂಟಾಗುತ್ತಿದ್ದರೆ, ಖಾಲಿಯಾದ ಜಾಗಕ್ಕೆ ಬೇರೊಂದು ಕೆಲಸ ಬಂದು ಕೂತಿದೆ ಎಂದರ್ಥ. ಯಾವುದು, ಯಾವ ತಾರೀಖಿನಿಂದ, ಯಾರು ಹೇಳಿದ್ದು ಎಂಬುದು ಅದೇ ಹಾಳೆಯ ಕೊನೆಯ ಕಾಲಂನಲ್ಲಿ ಸಿಗುತ್ತದೆ.